‘ನಿನಗೆ ನೆಮ್ಮದಿ ಎನಿಸುವುದೇ?’

ಪ್ರಾಚೀನ ಚೀನದ ಚಿಂತಕ ಕನ್‌ಫ್ಯೂಷಿಯಸ್ ಎಂದೊಡನೆ ವಿಧಿನಿಷೇಧಗಳ ಪಟ್ಟಿ ಹಿಡಿದು ಕುಳಿತ ಮಡಿವಂತ ಮುದುಕನನ್ನು ಕಲ್ಪಿಸಿಕೊಳ್ಳುವವರು, ಅವನ ಸಂಭಾಷಣೆಗಳ ಸಂಗ್ರಹವಾದ ‘ಲುನ್ ಯು’ವಿನಲ್ಲಿ ಬರುವ ಒಂದು ಪ್ರಸಂಗವನ್ನು ಓದಬೇಕು. ತಂದೆತಾಯಿ ತೀರಿಕೊಂಡರೆ ಮೂರು ವರ್ಷ ಶೋಕ ಆಚರಿಸುವುದು ಅಂದಿನ ಕಟ್ಟಳೆ. ಶಿಷ್ಯ ಝೈ ವೋ ಒಂದೇ ವರ್ಷ ಸಾಕೆಂದು ವಾದಿಸುತ್ತಾನೆ: ವರ್ಷದೊಳಗೆ ಹಳೆಯ ಧಾನ್ಯ ಮುಗಿದು ಹೊಸತು ಬರುತ್ತದೆ, ಬೆಂಕಿ ಕಡೆಯುವ ಕಟ್ಟಿಗೆಯೂ ಒಂದು ಸುತ್ತು ಬದಲಾಗುತ್ತದೆ, ಮೂರು ವರ್ಷ ಬಿಟ್ಟರೆ ಸಂಗೀತವೇ ಮರೆತುಹೋಗುತ್ತದೆ. ಗುರು ಶಾಸ್ತ್ರವನ್ನು ಉದ್ಧರಿಸಲಿಲ್ಲ. ‘ಆಗ ಅಕ್ಕಿಯ ಅನ್ನ ಉಂಡು ಜರತಾರಿ ಉಟ್ಟರೆ ನಿನಗೆ ನೆಮ್ಮದಿ ಎನಿಸುವುದೇ?’ ಎಂದು ಕೇಳಿದ. ‘ಎನಿಸುತ್ತದೆ’ ಎಂದ ಶಿಷ್ಯ. ‘ಹಾಗಾದರೆ ಮಾಡು’ ಎಂದುಬಿಟ್ಟ ಗುರು. ಶಿಷ್ಯ ಹೊರಟುಹೋದ ಮೇಲಷ್ಟೇ, ಮಗು ತಂದೆತಾಯಿಯ ತೋಳಿನಿಂದ ಇಳಿಯುವುದೂ ಮೂರು ವರ್ಷವಾದ ಮೇಲಲ್ಲವೇ ಎಂದು ನೊಂದುಕೊಂಡ.

ನಿಯಮವೇ ಕೊನೆಯ ಮಾತಾಗಿದ್ದರೆ ‘ಮಾಡು’ ಎಂಬ ಉತ್ತರ ಬರುತ್ತಲೇ ಇರಲಿಲ್ಲ. ಅವನು ಕಂಡ ಕೊರತೆ ವರ್ಷಗಳ ಲೆಕ್ಕದಲ್ಲಿ ಇರಲಿಲ್ಲ, ಅನ್ನ ರುಚಿಸಿದ ನಾಲಗೆಯಲ್ಲಿತ್ತು. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಇದಕ್ಕೆ ತೀರ ಎದುರಾದ ಉದಾಹರಣೆ ಕೊಟ್ಟ: ಸ್ವಭಾವತಃ ಮರುಕವುಳ್ಳವನು ನೆರವಾದರೆ ಅದು ಮೆಚ್ಚತಕ್ಕದ್ದೇ, ಆದರೆ ಅದಕ್ಕೆ ನೈತಿಕ ಮೌಲ್ಯವಿಲ್ಲ, ದುಃಖದಿಂದ ಮನಸ್ಸು ಬತ್ತಿದ್ದರೂ ಕೇವಲ ಕರ್ತವ್ಯವೆಂದು ನೆರವಾದಾಗಲೇ ಆ ಮೌಲ್ಯ. ಕನ್‌ಫ್ಯೂಷಿಯಸ್ಸನಿಗೆ ಬತ್ತಿದ ಮನಸ್ಸೇ ಇನ್ನೂ ಮುಗಿಯದ ಕೆಲಸ.

ಆ ಕೆಲಸ ಮಾಡಬೇಕಾದ ಸಾಧನವೇ ‘ಲೀ’, ಅಂದರೆ ತರ್ಪಣದಿಂದ ಹಿಡಿದು ತಲೆಬಾಗುವ ಬಗೆಯವರೆಗಿನ ಆಚಾರ. ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಚೆನ್ನಾಗಿ ಬಿಡಿಸಿ ಹೇಳಿದವನು ಅದೇ ಪರಂಪರೆಯ, ಕ್ರಿಸ್ತಪೂರ್ವ 3ನೇ ಶತಮಾನದ ಚಿಂತಕ ಶುನ್‌ಝಿ. ನೇರವಾದ ಮರವನ್ನು ಬಗ್ಗಿಸಿ ಚಕ್ರ ಮಾಡಿದ ಮೇಲೆ, ಬಿಸಿಲಲ್ಲಿ ಒಣಗಿದರೂ ಅದು ಮತ್ತೆ ನೆಟ್ಟಗಾಗದು ಎನ್ನುತ್ತಾನೆ ಅವನು. ಗಮಕಿಯ ಕಂಠವೂ ಹಾಗೆಯೇ, ನೇಯುವವನ ಕೈಯೂ ಹಾಗೆಯೇ: ಮೊದಲು ಮೈ ಕಲಿಯುತ್ತದೆ, ಮನಸ್ಸು ಹಿಂದಿನಿಂದ ಬರುತ್ತದೆ. ಗುಡಿಸಲಲ್ಲಿ ಚಾಪೆ ಹಾಸಿ, ಮಣ್ಣಹೆಂಟೆಯನ್ನೇ ದಿಂಬಾಗಿಸಿ, ಗಂಜಿ ಕುಡಿದು ಕಳೆದ ತಿಂಗಳುಗಳಲ್ಲಿ ಶೋಕಕ್ಕೆ ಒಂದು ಆಕಾರ ಬರುತ್ತದೆ. ಎಪ್ಪತ್ತಕ್ಕೆ ತನ್ನ ಮನಸ್ಸು ಬಯಸಿದಂತೆ ನಡೆದರೂ ಎಲ್ಲೆ ಮೀರಲಿಲ್ಲ ಎಂದು ಕನ್‌ಫ್ಯೂಷಿಯಸ್ ಹೇಳಿಕೊಂಡದ್ದು ಹೀಗೆ ಪಳಗಿದ ಮನಸ್ಸಿನ ಬಗ್ಗೆ.

ಅಚ್ಚು ಅಷ್ಟು ಗಟ್ಟಿಯಾದರೆ ಉಳಿದದ್ದು ಬರೀ ತೋರಿಕೆಯೇ ಅಲ್ಲವೇ? ಆ ಅಪಾಯ ನಿಜ, ಅವನಿಗೂ ಗೊತ್ತಿತ್ತು. ಶಣದ ಟೋಪಿಯ ಬದಲು ಅಗ್ಗದ ರೇಷ್ಮೆಯದನ್ನು ತೊಡುವ ಹೊಸ ರೂಢಿಯನ್ನು ಒಪ್ಪಿದವನೇ, ಸಭಾಂಗಣದ ಮೆಟ್ಟಿಲ ಕೆಳಗೇ ನಮಿಸುವುದನ್ನು ಬಿಟ್ಟು ಮೇಲೇರಿ ನಮಿಸುವ ರೂಢಿಯನ್ನು ಅಹಂಕಾರವೆಂದು ತಳ್ಳಿಹಾಕಿದ. ಬಟ್ಟೆ ಬದಲಾದರೆ ಭಾವ ಕೆಡದು, ನಿಲ್ಲುವ ಜಾಗ ಬದಲಾದರೆ ಕೆಡುತ್ತದೆ. ದೀರ್ಘ ಶೋಕದಿಂದ ಹೊಲಗೆಲಸ ನಿಂತು ಜನ ಬಡವಾಗುತ್ತಾರೆಂದು ಚೀನದ ಇನ್ನೊಬ್ಬ ಚಿಂತಕ ಮೋಝಿ ತೆಗೆದ ತಕರಾರು ಮಾತ್ರ ಇಷ್ಟು ಸುಲಭಕ್ಕೆ ಬಗ್ಗುವಂಥದಲ್ಲ.

ಶುನ್‌ಝಿಯ ಲೆಕ್ಕದಲ್ಲಿ ಆ ‘ಮೂರು ವರ್ಷ’ ನಿಜಕ್ಕೂ 25 ತಿಂಗಳು. ಬೆಳಿಗ್ಗೆ ಸತ್ತವರನ್ನು ಸಂಜೆಗೆ ಮರೆಯುವವರಿಗೆ ಅದು ಶೋಕವನ್ನು ಹಿಗ್ಗಿಸುತ್ತದೆ. ಆ ತಿಂಗಳುಗಳು ಗೋಡೆಯ ಬಿರುಕಿನಲ್ಲಿ ಕಂಡ ಕುದುರೆಗಳಂತೆ ಓಡಿಹೋದುವಲ್ಲ ಎಂದು ಹಲುಬುವವರಿಗೆ ಅದೇ ಮಿತಿ ಶೋಕವನ್ನು ಕತ್ತರಿಸಿ ನಿಲ್ಲಿಸುತ್ತದೆ.