ಕೇಬಲ್ ಕದ್ದ ಹುಡುಗನನ್ನು ಬುದ್ಧಿ ಹೇಳಿ ಬಿಟ್ಟರೆ ಅದು ಶಿಕ್ಷೆನಾ?

ಪ್ರಶ್ನೆ: ನಮ್ಮ ಕಡೆ ಹೊಲದ ಪಂಪ್‌ಸೆಟ್ ಕೇಬಲ್ ಕದಿಯುವವರ ಕಾಟ ಇದೆ. ಸಿಕ್ಕಿಬಿದ್ದವನು ಹದಿನೆಂಟರ ಒಳಗಿನ ಹುಡುಗ ಅಂದರೆ ಜೈಲಿಲ್ಲ, ಏನಿಲ್ಲ, ಬುದ್ಧಿ ಹೇಳಿ ಮನೆಗೆ ಕಳಿಸುತ್ತಾರೆ. ಕಳಕೊಂಡ ರೈತನಿಗೆ ನ್ಯಾಯ ಎಲ್ಲಿ ಸಿಕ್ಕಿತು? (ಮುಧೋಳ ತಾಲ್ಲೂಕಿನ ಓದುಗರು)

ಉತ್ತರ: ಈ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ತುಂಬಾ ಜನ ಕೇಳುತ್ತಾರೆ. ಸುಮ್ನೆ ವಾದ ಮಾಡುವ ಬದಲು ಒಂದು ಪ್ರಕರಣ ಕಟ್ಟಿಕೊಂಡು ನೋಡೋಣ.

ಘಟಪ್ರಭಾ ದಂಡೆಯ ಒಂದು ಊರು. ಹದಿನಾರು ವರ್ಷದ ಹುಡುಗ, ಶಾಲೆ ಬಿಟ್ಟಿದ್ದಾನೆ. ರಾತ್ರಿ ಒಬ್ಬರ ಕಬ್ಬಿನ ಹೊಲದ ಮೋಟಾರಿನಿಂದ ಕೇಬಲ್ ಕತ್ತರಿಸುತ್ತಾನೆ. ಹಳ್ಳದ ಬದಿಯಲ್ಲಿ ಬೆಂಕಿ ಹಾಕಿ ಮೇಲಿನ ಪ್ಲಾಸ್ಟಿಕ್ ಸುಡುತ್ತಾನೆ, ಉಳಿದ ತಾಮ್ರವನ್ನು ಗುಜರಿ ಅಂಗಡಿಗೆ ಹಾಕುತ್ತಾನೆ. ಅವನ ಕೈಗೆ ಬಂದದ್ದು 1,200 ರೂಪಾಯಿ ಅಂತಿಟ್ಟುಕೊಳ್ಳಿ. ರೈತನ ಲೆಕ್ಕ ಬೇರೆ: ಹೊಸ ಕೇಬಲ್ಲಿಗೆ 4,500, ಜೋಡಿಸುವವನ ಕೂಲಿ 800, ಜೊತೆಗೆ ತ್ರೀ ಫೇಸ್ ಕರೆಂಟ್ ಇದ್ದರೂ ನೀರು ಹಾಯಿಸಲಾಗದೆ ಹೋದ ಒಂದು ವಾರ.

ಹುಡುಗನಿಗೆ ಬಂದದ್ದು ಮತ್ತು ರೈತನಿಂದ ಹೋದದ್ದು, ಇವೆರಡರ ನಡುವಿನ ಈ ಅಂತರವನ್ನು ನೆನಪಿಟ್ಟುಕೊಳ್ಳಿ. ಶಿಕ್ಷೆಯ ಮೂರು ಸಿದ್ಧಾಂತಗಳೂ ಇದನ್ನು ಬೇರೆ ಬೇರೆ ಥರ ನೋಡುತ್ತವೆ.

ಮೊದಲನೆಯದು ಪ್ರತೀಕಾರ ಸಿದ್ಧಾಂತ, ಅಂದರೆ ಮಾಡಿದ ತಪ್ಪಿಗೆ ತಕ್ಕ ಶಿಕ್ಷೆ. ಇದನ್ನು ಸೇಡು ಅಂತ ತಿಳಿದುಕೊಳ್ಳುವವರೇ ಜಾಸ್ತಿ, ಆದರೆ ಸೇಡಿಗೆ ಅಳತೆ ಇರುವುದಿಲ್ಲ, ಇದಕ್ಕೆ ಇದೆ. ತಪ್ಪು ಮಾಡಿದವನಿಗೆ ಶಿಕ್ಷೆ ಆಗಲೇಬೇಕು ಅನ್ನುವುದು ಒಂದು ಭಾಗ, ತಪ್ಪಿಗಿಂತ ಹೆಚ್ಚು ಆಗಕೂಡದು ಅನ್ನುವುದು ಇನ್ನೊಂದು ಭಾಗ. ಸಿಕ್ಕ ಹುಡುಗನನ್ನು ಲೈಟ್ ಕಂಬಕ್ಕೆ ಕಟ್ಟಿ ಬಡಿದು ವಿಡಿಯೋ ಹರಿಬಿಡುತ್ತಾರಲ್ಲ, ಅದನ್ನು ಈ ಸಿದ್ಧಾಂತವೂ ಒಪ್ಪುವುದಿಲ್ಲ. ಇನ್ನು ತಪ್ಪಿನ ತೂಕ ನೋಡುವಾಗ ಹಾನಿಯ ಜೊತೆ ಮಾಡಿದವನ ತಿಳಿವಳಿಕೆಯನ್ನೂ ನೋಡಬೇಕು. ಭಾರತೀಯ ನ್ಯಾಯ ಸಂಹಿತೆ ಪ್ರಕಾರ ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. ಹದಿನಾರರ ಹುಡುಗನಿಗೆ ಕದಿಯುವುದು ತಪ್ಪು ಅಂತ ಚೆನ್ನಾಗಿ ಗೊತ್ತಿರುತ್ತದೆ, ಆದರೆ ನೀರಿಲ್ಲದೆ ಒಂದು ವಾರ ಕಳೆದರೆ ಬೆಳೆ ಏನಾಗುತ್ತದೆ ಅಂತ ಅವನು ಯೋಚಿಸಿರುವುದಿಲ್ಲ. ಹಾಗಾಗಿ ಅವನ ಪಾಲಿನ ಶಿಕ್ಷೆ ಇದೆ, ಆದರೆ ದೊಡ್ಡವನಷ್ಟಲ್ಲ. ಇಷ್ಟೆಲ್ಲ ಅಳೆದ ಮೇಲೂ ರೈತನ ಜೇಬಿಗೆ ಒಂದು ರೂಪಾಯಿ ಬರಲಿಲ್ಲ ಅನ್ನುವುದು ಈ ಸಿದ್ಧಾಂತದ ಕೊರತೆ.

ಎರಡನೆಯದು ನಿರೋಧಕ ಸಿದ್ಧಾಂತ, ನಮ್ಮ ಮಾತಿನಲ್ಲಿ ಅಂಜಿಕೆ ಹುಟ್ಟಿಸುವುದು. ಒಬ್ಬನಿಗೆ ಹಾಕಿದರೆ ಹತ್ತು ಜನ ಹೆದರುತ್ತಾರೆ ಅನ್ನುವ ಮಾತು ಊರ ಕಟ್ಟೆಯ ಮೇಲೆ ದಿನಾ ಕೇಳುತ್ತದೆ. ಆದರೆ ಇಟಲಿಯ ಚಿಂತಕ ಬೆಕ್ಕಾರಿಯಾ 1764ರಲ್ಲೇ ಹೇಳಿದ್ದು ಬೇರೆ: ಶಿಕ್ಷೆ ಎಷ್ಟು ಕಠಿಣ ಅನ್ನುವುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಅನ್ನುವುದೇ ಜನರನ್ನು ತಡೆಯುತ್ತದೆ. ಕತ್ತಲೆಯ ಹೊಲದಲ್ಲಿ ಕೇಬಲ್ ಕತ್ತರಿಸುವ ಹುಡುಗ, ಮೂರು ವರ್ಷವಾ ಏಳು ವರ್ಷವಾ ಅಂತ ಕಲಂ ಲೆಕ್ಕ ಹಾಕುತ್ತಾ ಕೂತಿರುವುದಿಲ್ಲ. ಯಾರೂ ನೋಡುತ್ತಿಲ್ಲ ಅಂದುಕೊಂಡಿರುತ್ತಾನೆ, ಅಷ್ಟೇ. ಅಮೆರಿಕದಲ್ಲಿ ದಾರಿ ತಪ್ಪಿದ ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗಿ ಕೈದಿಗಳಿಂದ ಹೆದರಿಸುವ ಕಾರ್ಯಕ್ರಮಗಳನ್ನು ನಡೆಸಿದರು. ಆಮೇಲೆ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಜೈಲು ನೋಡಿ ಬಂದ ಗುಂಪೇ ನೋಡದವರಿಗಿಂತ ಹೆಚ್ಚು ಅಪರಾಧ ಮಾಡಿತ್ತು.

ಹಾಗಂತ ಅಂಜಿಕೆ ಕೆಲಸಕ್ಕೇ ಬರಲ್ಲ ಅಂತಲ್ಲ. ಲೆಕ್ಕ ಹಾಕುವವನ ಮೇಲೆ ಅದು ಕೆಲಸ ಮಾಡುತ್ತದೆ. ನಮ್ಮ ಕಥೆಯಲ್ಲಿ ಲೆಕ್ಕ ಹಾಕುವವನು ಯಾರು? ಗುಜರಿ ಅಂಗಡಿಯವನು. ಸುಟ್ಟ ತಾಮ್ರ ಕಪ್ಪಾಗಿರುತ್ತದೆ, ಕಮಟು ವಾಸನೆ ಹೊಡೆಯುತ್ತದೆ. ಅಂಥ ತಾಮ್ರದ ಸುರುಳಿಯನ್ನು ಒಬ್ಬ ಹುಡುಗ ಬೆಳಿಗ್ಗೆ ಬೆಳಿಗ್ಗೆ ತಂದರೆ ಅದು ಎಲ್ಲಿಯದು ಅಂತ ಊಹಿಸುವುದು ಕಷ್ಟವಲ್ಲ, ಆದರೂ ದರ ಇಳಿಸಿ ತೂಕಕ್ಕೆ ಹಾಕುತ್ತಾನೆ. ಕಳವಿನ ಮಾಲು ಅಂತ ಗೊತ್ತಿದ್ದೂ ಕೊಳ್ಳುವುದಕ್ಕೆ ಸಂಹಿತೆಯ 317ನೇ ಕಲಂ ಅಡಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಬಿಗಿ ಮಾಡಬೇಕಾದ ಜಾಗ ಇದು ಅಂತ ನನ್ನ ಅಭಿಪ್ರಾಯ. ಹುಡುಗನ ಮೇಲೆ ಕಣ್ಣು ಕೆಂಪು ಮಾಡಿ ತಕ್ಕಡಿಯವನನ್ನು ಬಿಟ್ಟರೆ, ಮುಂದಿನ ವಾರ ಇನ್ನೊಬ್ಬ ಹುಡುಗ ಅದೇ ಅಂಗಡಿಗೆ ಬರುತ್ತಾನೆ.

ಮೂರನೆಯದು ಪುನಃಸ್ಥಾಪಕ ನ್ಯಾಯ. ನಿಮ್ಮ ಪ್ರಶ್ನೆಗೆ ಹತ್ತಿರ ಬರುವುದು ಇದೇ. ಯಾವ ಕಲಂ ಮುರಿದ ಅನ್ನುವ ಬದಲು ಯಾರಿಗೆ ಏನು ಹಾನಿಯಾಯಿತು, ಅದನ್ನು ಯಾರು ಹೇಗೆ ತುಂಬಬೇಕು ಅಂತ ಇಲ್ಲಿ ಕೇಳುತ್ತಾರೆ. 1974ರಲ್ಲಿ ಕೆನಡಾದ ಎಲ್ಮೈರಾ ಅನ್ನುವ ಊರಲ್ಲಿ ಇಬ್ಬರು ಹುಡುಗರು ಒಂದೇ ರಾತ್ರಿ 22 ಕಡೆ ಆಸ್ತಿ ಹಾಳು ಮಾಡಿದ್ದರು. ಪ್ರೊಬೇಷನ್ ಅಧಿಕಾರಿಯ ಸಲಹೆಯಂತೆ ನ್ಯಾಯಾಧೀಶರು ಅವರನ್ನು ಹಾನಿಯಾದವರ ಬಾಗಿಲಿಗೇ ಕಳಿಸಿದರು. ಮುಖ ನೋಡಿ ಮಾತಾಡಿ, ನಷ್ಟ ತುಂಬಿಕೊಡಬೇಕಾಯಿತು. ತಪ್ಪು ಮಾಡಿದ ಹುಡುಗ, ಅವನ ಮನೆಯವರು, ಹಾನಿಯಾದವರು ಒಟ್ಟಿಗೆ ಕೂತು ಮಾತಾಡುವ ಕುಟುಂಬದ ಸಭೆಗೆ ನ್ಯೂಜಿಲೆಂಡ್ 1989ರಲ್ಲಿ ಕಾನೂನಿನಲ್ಲೇ ಜಾಗ ಕೊಟ್ಟಿತು.

ನಮ್ಮ ಪ್ರಕರಣದಲ್ಲಿ ಅಂಥ ಸಭೆ ಹೇಗಿರುತ್ತದೆ? ರೈತ ಕೇಬಲ್ಲಿನ ಬಿಲ್ ಮೇಜಿನ ಮೇಲೆ ಇಡುತ್ತಾನೆ. ವಾರ ಪೂರ್ತಿ ಒಣಗಿದ ಸಾಲುಗಳ ಬಗ್ಗೆ ಹೇಳುತ್ತಾನೆ. ಹುಡುಗ ಅದನ್ನು ಮೊದಲ ಸಲ ಕೇಳಿಸಿಕೊಳ್ಳುತ್ತಾನೆ. ಬಡಿಸಿಕೊಳ್ಳುವುದಕ್ಕಿಂತ ಇದು ಸುಲಭ ಅಂತ ನನಗನಿಸುವುದಿಲ್ಲ. 5,300 ರೂಪಾಯಿಯನ್ನು ಮನೆಯವರು ಕಂತಿನಲ್ಲಿ ಕೊಡುವ ಮಾತಾಗಬಹುದು.

ಆದರೆ ಇದರಲ್ಲಿ ತೊಂದರೆಗಳೂ ಇವೆ. ಹುಡುಗ ನಾನು ಕದ್ದಿಲ್ಲ ಅಂದರೆ ಸಭೆಯ ಪ್ರಶ್ನೆಯೇ ಬರುವುದಿಲ್ಲ, ವಿಚಾರಣೆ ನಡೆಯಲೇಬೇಕು. ಇನ್ನು ಊರಿನ ಹಿರಿಯರು ಸೇರಿ ಮಾಡುವ ರಾಜಿ ಪಂಚಾಯ್ತಿಯನ್ನೇ ಇದು ಅಂತ ತಿಳಿಯಬೇಡಿ. ಅಲ್ಲಿ ಹುಡುಗ ಕೂಲಿಯವರ ಮಗ, ಹೊಲ ಗೌಡರದು ಅಂದರೆ ಕ್ಷಮೆ ಕೇಳುವುದೂ ಒತ್ತಾಯಕ್ಕೆ. ಅದೇ ಗೌಡರ ಮಗ ಬಡ ರೈತನ ಕೇಬಲ್ ಕದ್ದಿದ್ದರೆ, ಹೋಗಲಿ ಬಿಡಪ್ಪಾ ಅಂತ ರೈತನ ಬಾಯಿಯನ್ನೇ ಮುಚ್ಚಿಸುತ್ತಾರೆ. ಇಬ್ಬರೂ ಮನಸಾರೆ ಒಪ್ಪಿರಬೇಕು, ನಡುವೆ ಕೂರುವವರು ಯಾರ ಕಡೆಯವರೂ ಆಗಿರಬಾರದು.

ಈಗ ನಮ್ಮ ಕಾನೂನು ಎಲ್ಲಿ ನಿಂತಿದೆ ನೋಡಿ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಗರಿಷ್ಠ ಶಿಕ್ಷೆ ಮೂರು ವರ್ಷದವರೆಗಿನ ಅಪರಾಧಗಳೆಲ್ಲ ಸಣ್ಣ ಅಪರಾಧದ ಗುಂಪಿಗೆ ಸೇರುತ್ತವೆ. ಪೊಲೀಸರು ಬೇರೆ ಕಲಂ ಸೇರಿಸದಿದ್ದರೆ ಬಯಲು ಹೊಲದ ಈ ಕಳ್ಳತನವೂ ಅಲ್ಲಿಗೇ. ಹಿಡಿದ ಹುಡುಗನನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಹುಡುಗ ಶಾಲೆ ಯಾಕೆ ಬಿಟ್ಟ, ಮನೆ ಹೇಗಿದೆ, ಯಾರ ಜೊತೆ ತಿರುಗುತ್ತಾನೆ ಅನ್ನುವ ವರದಿಯನ್ನು ಪ್ರೊಬೇಷನ್ ಅಧಿಕಾರಿ 15 ದಿನದೊಳಗೆ ಕೊಡಬೇಕು.

ತಪ್ಪು ಸಾಬೀತಾದರೆ 18ನೇ ಕಲಂ ಅಡಿ ಮಂಡಳಿಗೆ ಹಲವು ದಾರಿಗಳಿವೆ. ನೀವು ಹೇಳಿದ ಬುದ್ಧಿವಾದ ಅವುಗಳಲ್ಲಿ ಒಂದು ಮಾತ್ರ. ಸಮುದಾಯ ಸೇವೆ, ಹುಡುಗ ಅಥವಾ ಪೋಷಕರು ಕಟ್ಟಬೇಕಾದ ದಂಡ, ಸನ್ನಡತೆಯ ಷರತ್ತಿನ ಮೇಲೆ ನಿಗಾ, ಕೊನೆಗೆ ಮೂರು ವರ್ಷ ಮೀರದಂತೆ ವಿಶೇಷ ಗೃಹ, ಇವೂ ಇವೆ. ಹಾಗಾಗಿ ಜೈಲಿಲ್ಲ ಅನ್ನುವುದು ನಿಜ, ಏನಿಲ್ಲ ಅನ್ನುವುದು ನಿಜವಲ್ಲ.

ಆದರೂ ನಿಮ್ಮ ಸಿಟ್ಟಿನಲ್ಲಿ ಅರ್ಥ ಇದೆ. ಈ ದಾರಿಗಳೆಲ್ಲ ಹುಡುಗನ ಸುತ್ತ ಇವೆ, ದಂಡದ ದುಡ್ಡೂ ರೈತನಿಗೆ ತಾನಾಗಿ ಬರುವುದಿಲ್ಲ. ಹುಡುಗನ ಜೊತೆ ಕೂತು ಮಾತಾಡುವ ಅವಕಾಶವನ್ನು ಕಳಕೊಂಡವರಿಗೆ ಖಾತ್ರಿ ಮಾಡುವ, ನ್ಯೂಜಿಲೆಂಡಿನಂಥ ಕಲಂ ನಮ್ಮ ಕಾಯ್ದೆಯಲ್ಲಿಲ್ಲ. ಅದಕ್ಕೇ ಮನೆಯಲ್ಲಿ ಕಾಯುತ್ತಾ ಕೂರಬೇಡಿ. ಕೇಬಲ್ಲಿನ ಬಿಲ್ಲು, ಕೂಲಿ ಕೊಟ್ಟ ಚೀಟಿ, ನೀರು ನಿಂತ ದಿನಗಳ ಲೆಕ್ಕ ಇಟ್ಟು ಮಂಡಳಿಗೆ ಅರ್ಜಿ ಕೊಡಿ, ನಷ್ಟ ತುಂಬಿಕೊಡುವ ಮಾತು ಆದೇಶಕ್ಕೆ ಮೊದಲೇ ಬರಲಿ ಅಂತ ಬರೆಯಿರಿ. ತಾಮ್ರ ಯಾವ ಅಂಗಡಿಗೆ ಹೋಯಿತು ಅಂತ ಗೊತ್ತಿದ್ದರೆ ಅದನ್ನು ಪೊಲೀಸರಿಗೆ ಬೇರೆಯಾಗಿ ಬರೆದುಕೊಡಿ. ಹುಡುಗನ ಫೋಟೋ, ಹೆಸರು ಮಾತ್ರ ಊರ ಗ್ರೂಪಿಗೆ ಹಾಕಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಗುರುತು ಬಯಲು ಮಾಡುವುದೇ ಅಪರಾಧ, ಆಗ ಕಳಕೊಂಡವರೇ ಕೋರ್ಟಿಗೆ ಅಲೆಯಬೇಕಾಗುತ್ತದೆ.