ತಿಮಿಂಗಿಲ ಹಾಡುವುದು ಯಾರ ಕಿವಿಗೆ?

ಬರ್ಮುಡಾ ದ್ವೀಪದಲ್ಲಿ ಫ್ರಾಂಕ್ ವಾಟ್ಲಿಂಗ್ಟನ್ ಎಂಬ ಎಂಜಿನಿಯರ್ ಇದ್ದರು. ಅಮೆರಿಕದ ನೌಕಾಪಡೆಗಾಗಿ ಸಮುದ್ರದೊಳಗಿನ ಸದ್ದು ಕೇಳಿಸಿಕೊಳ್ಳುವುದು ಅವರ ಕೆಲಸ. 1950ರ ದಶಕದಲ್ಲಿ ಅವರು ಆಳ ನೀರಿಗೆ ಇಳಿಬಿಟ್ಟಿದ್ದ ಹೈಡ್ರೋಫೋನಿನಲ್ಲಿ, ಅಂದರೆ ನೀರೊಳಗಿನ ಮೈಕಿನಲ್ಲಿ, ನರಳಾಟ, ಕೀರಲು, ಗುಟುರು ಎಲ್ಲ ಬೆರೆತ ವಿಚಿತ್ರ ಸದ್ದು ಕೇಳಿಬಂತು. ಅದು ಹಂಪ್‌ಬ್ಯಾಕ್ ತಿಮಿಂಗಿಲದ್ದು ಎಂದು ಗೊತ್ತಾದ ಮೇಲೂ ಅವರು ಜಾಸ್ತಿ ಜನಕ್ಕೆ ಹೇಳಲಿಲ್ಲ. ಬೇಟೆಗಾರರಿಗೆ ಗೊತ್ತಾದರೆ ಆ ಸದ್ದಿನ ಜಾಡು ಹಿಡಿದೇ ಬಂದುಬಿಟ್ಟಾರು ಎಂಬ ಭಯ ಅವರಿಗೆ. 1967ರಲ್ಲಿ ರೋಜರ್ ಪೇನ್ ಮತ್ತು ಕೇಟಿ ಪೇನ್ ಎಂಬ ವಿಜ್ಞಾನಿ ದಂಪತಿ ಬಂದಾಗ ಅವರ ಕೈಗೆ ಆ ಟೇಪುಗಳನ್ನು ಕೊಟ್ಟರು.

ಟೇಪನ್ನು ಸುಮ್ನೆ ಕೇಳಿದರೆ ಅದರಲ್ಲಿ ಯಾವ ಕ್ರಮವೂ ಸಿಗುವುದಿಲ್ಲ. ಒಂದೊಂದು ಹಾಡೂ ಅಷ್ಟು ಉದ್ದ, ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನು ಕೇಳಿದ್ದೆವು ಎಂಬುದೇ ಮರೆತಿರುತ್ತದೆ. ರೋಜರ್ ಪೇನ್ ಜೊತೆ ಕೆಲಸ ಮಾಡುತ್ತಿದ್ದ ಸ್ಕಾಟ್ ಮೆಕ್‌ವೇ ಮತ್ತು ಅವರ ಹೆಂಡತಿ ಹೆಲಾ ಆ ಸದ್ದನ್ನು ಕಾಗದದ ಮೇಲೆ ಚಿತ್ರವಾಗಿ ಮೂಡಿಸುವ ಯಂತ್ರಕ್ಕೆ ಹಾಕಿದರು. ಆಗಿನ ಯಂತ್ರ ಒಮ್ಮೆಗೆ ಕೆಲವೇ ಸೆಕೆಂಡುಗಳ ಚಿತ್ರ ಕೊಡುತ್ತಿತ್ತು. ಆ ತುಂಡುಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಉದ್ದಕ್ಕೆ ಹಾಸಿದಾಗ ಕಿವಿಗೆ ಸಿಗದಿದ್ದದ್ದು ಕಣ್ಣಿಗೆ ಸಿಕ್ಕಿತು. ಒಂದೇ ನಮೂನೆಯ ಗೀಟುಗಳು ಮತ್ತೆ ಮತ್ತೆ ಬರುತ್ತಿದ್ದವು, ಅದೂ ಅದೇ ಸರದಿಯಲ್ಲಿ.

1971ರಲ್ಲಿ ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ಇದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಇದನ್ನು ‘ಹಾಡು’ ಎಂದು ಕರೆಯಲು ಅವರು ಕೊಟ್ಟ ಕಾರಣ ಇಂಪು ಅಲ್ಲ, ರಚನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದು ಗುಟುರು ಒಂದು ಸ್ವರ ಇದ್ದಂತೆ. ಹಲವು ಸ್ವರ ಸೇರಿ ಒಂದು ಸಾಲು. ಆ ಸಾಲನ್ನೇ ಹತ್ತಾರು ಸಲ ಹೇಳಿದರೆ ಒಂದು ಚರಣ. ಹೀಗೆ ಹಲವು ಚರಣ ಗೊತ್ತಾದ ಸರದಿಯಲ್ಲಿ ಬಂದು ಮುಗಿದರೆ ಒಂದು ಹಾಡು. ಅದಕ್ಕೆ 7ರಿಂದ 30 ನಿಮಿಷ ಹಿಡಿಯುತ್ತದೆ. ಮುಗಿದ ಕೂಡಲೇ ಬಿಡುವಿಲ್ಲದೆ ಮತ್ತೆ ಮೊದಲಿಂದ ಶುರು. ಗಂಟೆಗಟ್ಟಲೆ ಇದೇ ನಡೆಯುತ್ತದೆ.

ಹಾಡುತ್ತಿರುವುದು ಗಂಡೋ ಹೆಣ್ಣೋ ಎಂದು ಆ ಹೊತ್ತಿಗೆ ಅವರಿಗೆ ಗೊತ್ತಿರಲಿಲ್ಲ. ಅದು ಗೊತ್ತಾಗದೆ ‘ಯಾರಿಗೆ’ ಎಂದು ಕೇಳಿ ಏನು ಪ್ರಯೋಜನ?

ಹೊರಗಿಂದ ನೋಡಿದರೆ ಹಂಪ್‌ಬ್ಯಾಕಿನ ಗಂಡು ಹೆಣ್ಣು ಒಂದೇ ಥರ. ವ್ಯತ್ಯಾಸ ಇರುವುದು ಹೊಟ್ಟೆಯ ಕೆಳಗೆ, ಬಾಲದ ಕಡೆಗೆ. ಅಲ್ಲಿನ ಸೀಳಿನ ಹತ್ತಿರ ಹೆಣ್ಣಿಗೆ ಅರ್ಧ ಚೆಂಡಿನಂಥ ಒಂದು ಉಬ್ಬು ಇರುತ್ತದೆ, ಗಂಡಿಗೆ ಇರುವುದಿಲ್ಲ. ಅದನ್ನು ನೋಡಬೇಕಾದರೆ ನೀರಿಗೆ ಇಳಿದು ಮೂವತ್ತು ಟನ್ನಿನ ಪ್ರಾಣಿಯ ಕೆಳಗಿಂದ ಫೋಟೋ ತೆಗೆಯಬೇಕು. ಹವಾಯಿಯ ಮಾವಿ ದ್ವೀಪದ ಹತ್ತಿರ ಡೆಬೋರಾ ಗ್ಲಾಕ್ನರ್ ಮಾಡಿದ್ದು ಇದನ್ನೇ. ಹೀಗೆ ನೋಡಿದಾಗ ಹಾಡುವವು ಗಂಡುಗಳೇ ಎಂದು ಗೊತ್ತಾಯಿತು. ಆಮೇಲೆ ಚರ್ಮದ ಚೂರು ತೆಗೆದು ಡಿಎನ್‌ಎ ನೋಡಿದವರಿಗೂ ಅದೇ ಉತ್ತರ ಸಿಕ್ಕಿತು.

ಗಂಡು ಹಾಡುತ್ತದೆ, ಮುಖ್ಯವಾಗಿ ಹಾಡುವುದು ಚಳಿಗಾಲದ ಕೂಡುವ ಕಾಲದಲ್ಲಿ. ಹಾಗಾದರೆ ಕೇಳುವುದು ಹೆಣ್ಣು, ಇನ್ನೇನು ಬೇಕು ಅಲ್ವಾ? ಎಲ್ಲರೂ ಹಾಗೇ ಅಂದುಕೊಂಡರು. ಹಕ್ಕಿಗಳ ವಿಷಯದಲ್ಲಿ ಕಂಡಿದ್ದೂ ಹೆಚ್ಚುಕಮ್ಮಿ ಅದೇ. ಆದರೆ ಹಾಡುಗಾರನ ಪಕ್ಕದಲ್ಲಿ ದೋಣಿ ನಿಲ್ಲಿಸಿ ಕಾದವರ ಕಣ್ಣಿಗೆ ಬಿದ್ದದ್ದು ಬೇರೆ.

ಹಾಡುವ ಗಂಡು ಸಾಮಾನ್ಯವಾಗಿ ಒಂಟಿ. ಮೇಲ್ಮೈಯಿಂದ ಸ್ವಲ್ಪವೇ ಕೆಳಗೆ, ತಲೆ ಕೆಳಗೆ ಬಾಲ ಮೇಲೆ ಮಾಡಿ, ಅಲುಗಾಡದೆ ನೇತುಹಾಕಿದ ಹಾಗೆ ನಿಂತಿರುತ್ತದೆ. ಬಾಯಿ ತೆರೆಯುವುದಿಲ್ಲ, ಹಾಡುವಾಗ ಗುಳ್ಳೆಯನ್ನೂ ಬಿಡುವುದಿಲ್ಲ. ಒಳಗಿನ ಗಾಳಿಯನ್ನೇ ಅತ್ತಿತ್ತ ತಳ್ಳಿ ಸದ್ದು ಹೊರಡಿಸುತ್ತದೆ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಅದೇ ಜಾಗಕ್ಕೆ ಇಳಿಯುತ್ತದೆ. ಉಸಿರಿಗಾಗಿ ಹಾಡಿನ ಸರದಿ ತಪ್ಪುವುದಿಲ್ಲ. ಪಳಗಿದ ಹಾಡುಗಾರ ಸಾಲಿನ ಮಧ್ಯೆ ಉಸಿರು ಕದಿಯುತ್ತಾನಲ್ಲ, ಹಾಗೆ.

ಹೀಗೆ ನಿಂತವನ ಹತ್ತಿರ ಕೊನೆಗೆ ಬರುವುದು ಯಾರು? ಜಿಮ್ ಡಾರ್ಲಿಂಗ್ ಹವಾಯಿಯಲ್ಲಿ ವರ್ಷಗಟ್ಟಲೆ ಇದನ್ನೇ ನೋಡಿದರು. ಬಂದವು ಹೆಚ್ಚುಕಮ್ಮಿ ಎಲ್ಲವೂ ಒಂಟಿ ಗಂಡುಗಳು, ಹಾಡದೆ ಸುಮ್ಮನಿದ್ದ ಗಂಡುಗಳು. ಅವು ಹತ್ತಿರ ಬಂದ ಕೂಡಲೇ ಹಾಡು ನಿಲ್ಲುತ್ತಿತ್ತು. ಎರಡೂ ಕೆಲವು ನಿಮಿಷ ಒಂದನ್ನೊಂದು ಸುತ್ತಿ, ಹೆಚ್ಚಿನ ಸಲ ಜಗಳವಿಲ್ಲದೆಯೇ ಬೇರೆಯಾಗುತ್ತಿದ್ದವು. ಹಾಡು ಕೇಳಿ ಹೆಣ್ಣು ಓಡಿಬಂತು ಎನ್ನುವ ದೃಶ್ಯ ಮಾತ್ರ ಸಿಗಲೇ ಇಲ್ಲ ಎನ್ನಬಹುದು.

1980ರ ದಶಕದಲ್ಲಿ ಪೀಟರ್ ಟಯಾಕ್ ಇನ್ನೊಂದು ದಾರಿ ಹಿಡಿದರು. ಹವಾಯಿಯಲ್ಲಿ ನೀರಿಗೆ ಸ್ಪೀಕರ್ ಇಳಿಸಿ, ರೆಕಾರ್ಡ್ ಮಾಡಿದ ಸದ್ದುಗಳನ್ನೇ ತಿಮಿಂಗಿಲಗಳಿಗೆ ಕೇಳಿಸಿದರು. ಹೆಣ್ಣಿಗಾಗಿ ಗಂಡುಗಳು ಗುದ್ದಾಡುವ ಗುಂಪಿನ ಸದ್ದು ಹಾಕಿದರೆ ಕೆಲವು ನೇರ ಸ್ಪೀಕರ್ ಕಡೆಗೇ ನುಗ್ಗಿ ಬಂದವು. ಹಾಡು ಹಾಕಿದರೆ ಸಾಮಾನ್ಯವಾಗಿ ದೂರ ಸರಿದವು. ಇದರಿಂದ ಹೆಣ್ಣಿಗೆ ಹಾಡು ಬೇಡ ಎಂದು ತೀರ್ಮಾನಿಸುವ ಹಾಗಿಲ್ಲ. ಹೆಣ್ಣು ದೂರದಲ್ಲೇ ಕೇಳಿ, ಲೆಕ್ಕ ಹಾಕಿ, ಎರಡು ದಿನದ ನಂತರ ಯಾರ ಜೊತೆಗೋ ಹೋದರೆ ದೋಣಿಯಲ್ಲಿ ಕೂತವರಿಗೆ ಕಾಣುವುದು ಹೇಗೆ? ಎಷ್ಟೋ ಗಂಡುಗಳ ಹಾಡು ಒಟ್ಟಾಗಿ ಹೆಣ್ಣುಗಳನ್ನು ಆ ಕಡಲಿಗೆ ಸೆಳೆಯುತ್ತಿರಬಹುದು, ಒಬ್ಬೊಬ್ಬನ ಹಾಡು ಅಲ್ಲ ಎನ್ನುವ ವಾದವೂ ಇದೆ. ಹಾಡು ಯಾರಿಗೂ ಅಲ್ಲ, ಅದರ ಮಾರ್ದನಿ ಕೇಳಿ ಸುತ್ತ ಯಾರಿದ್ದಾರೆಂದು ತಿಳಿಯುವ ಸೋನಾರ್ ಎಂದವರೂ ಉಂಟು. ಹೆಚ್ಚಿನವರು ಅದನ್ನು ಒಪ್ಪಿಲ್ಲ. ನನಗೂ ಅದು ಕಷ್ಟವೆನಿಸುತ್ತದೆ. ದಾರಿ ಹುಡುಕಲು ಮಾತ್ರ ಆಗಿದ್ದರೆ ವರ್ಷವರ್ಷ ಹೊಸ ರಾಗ ಯಾಕೆ ಬೇಕು?

ಹೌದು, ರಾಗ ಬದಲಾಗುತ್ತದೆ. ಇದನ್ನು ಹಿಡಿದದ್ದು ಕೇಟಿ ಪೇನ್. ಒಂದು ಕಡಲಿನ ಗಂಡುಗಳೆಲ್ಲ ಒಂದು ಋತುವಿನಲ್ಲಿ ಹಾಡುವುದು ಹೆಚ್ಚುಕಮ್ಮಿ ಒಂದೇ ಹಾಡು. ಅದು ನಿಧಾನಕ್ಕೆ ಬದಲಾಗುತ್ತಾ ಹೋಗುತ್ತದೆ, ಎಲ್ಲರೂ ಜೊತೆಜೊತೆಗೇ ಬದಲಿಸುತ್ತಾರೆ. 1988ರಲ್ಲಿ ಲಿಂಡಾ ಗಿನೀ ಜೊತೆ ಸೇರಿ ಅವರು ಇನ್ನೊಂದು ಸಂಗತಿ ತೋರಿಸಿದರು. ಹಾಡು ಹೆಚ್ಚು ಜಟಿಲವಾಗಿದ್ದಾಗ ಬೇರೆ ಬೇರೆ ಚರಣಗಳ ಸಾಲುಗಳು ಒಂದೇ ಥರದ ಸದ್ದಿನಲ್ಲಿ ಮುಗಿಯುವುದು ಕಂಡಿತ್ತು, ಪ್ರಾಸ ಕೂಡಿಸಿದ ಹಾಗೆ. ಉದ್ದದ ಹಾಡು ನೆನಪಿಟ್ಟುಕೊಳ್ಳಲು ಇದೊಂದು ಉಪಾಯ ಇರಬಹುದು ಎಂದು ಅವರ ಊಹೆ. ನಮ್ಮ ಅಜ್ಜಿಯರು ಪುಸ್ತಕವಿಲ್ಲದೆ ನೂರಾರು ಸಾಲು ಹೇಳುತ್ತಿದ್ದದ್ದೂ ಪ್ರಾಸದ ಬಲದಿಂದಲೇ.

ಒಂದನ್ನೇ ಮತ್ತೆ ಮತ್ತೆ ಹೇಳುವುದಕ್ಕೆ ಸರಳ ಕಾರಣವೂ ಕಾಣುತ್ತದೆ. ಕೇಳುವವನು ಹತ್ತಾರು ಕಿಲೋಮೀಟರ್ ಆಚೆ ಇರಬಹುದು. ಅಲೆ, ಮಳೆ, ಬೇರೆ ಹಾಡುಗಾರರ ಸದ್ದಿನಲ್ಲಿ ಅರ್ಧ ಮುಳುಗಿಹೋಗುತ್ತದೆ. ಅವನು ಯಾವಾಗ ಕೇಳಲು ಶುರು ಮಾಡುತ್ತಾನೋ ಅದೂ ಗೊತ್ತಿಲ್ಲ. ಮತ್ತೆ ಮತ್ತೆ ಹೇಳಿದರೆ ಎಲ್ಲಿಂದ ಕೇಳಿದರೂ ಪೂರ್ತಿ ಸಿಗುತ್ತದೆ. ಗಂಟೆಗಟ್ಟಲೆ ನಿಲ್ಲದೆ ಹಾಡಿದ್ದು ಅವನ ಕಸುವನ್ನೂ ಸಾರುತ್ತದೆ.

ಈಗ ಆಸ್ಟ್ರೇಲಿಯಾದ ಪೂರ್ವ ಕರಾವಳಿಗೆ ಬನ್ನಿ. 1996ರಲ್ಲಿ ಮೈಕಲ್ ನೋಡ್ ಅಲ್ಲಿ ರೆಕಾರ್ಡ್ ಮಾಡಿದ 82 ಹಾಡುಗಾರರಲ್ಲಿ ಇಬ್ಬರು ಮಾತ್ರ ಬೇರೆಯೇ ಹಾಡು ಹಾಡುತ್ತಿದ್ದರು. ಅದು ಖಂಡದ ಪಶ್ಚಿಮ ತೀರದ ಹಾಡು. ಎರಡೇ ವರ್ಷ, 1998ರ ಹೊತ್ತಿಗೆ ಪೂರ್ವದ ಹಳೆ ಹಾಡು ಮಾಯ, ಎಲ್ಲರ ಬಾಯಲ್ಲೂ ಪಶ್ಚಿಮದ್ದು. ಆಮೇಲೆ ಎಲೆನ್ ಗಾರ್ಲಂಡ್ ಮತ್ತು ಜೊತೆಗಾರರು ಹನ್ನೊಂದು ವರ್ಷದ ರೆಕಾರ್ಡಿಂಗ್ ಹೋಲಿಸಿ, ಹಾಡುಗಳು ಆಸ್ಟ್ರೇಲಿಯಾದಿಂದ ಪೂರ್ವಕ್ಕೆ ದ್ವೀಪದಿಂದ ದ್ವೀಪಕ್ಕೆ ದಾಟುತ್ತಾ ಫ್ರೆಂಚ್ ಪಾಲಿನೇಶಿಯಾ ಮುಟ್ಟುವುದನ್ನು 2011ರಲ್ಲಿ ತೋರಿಸಿದರು. ಗಂಡು ಇನ್ನೊಂದು ಗಂಡಿನ ಹಾಡನ್ನು ಎಷ್ಟು ಗಮನವಿಟ್ಟು ಕೇಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಅದೇ ಕರಾವಳಿಯಲ್ಲಿ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೆಣ್ಣಿನ ಕಡೆಗೆ ತೂಕ ಹಾಕಿತು. ಗಂಡುಗಳು ಮರಿಯ ಜೊತೆಗಿರುವ ತಾಯಿಯ ಹತ್ತಿರ ಹೋಗಿ, ಅವಳ ಜೊತೆಗೇ ಸಾಗುತ್ತಾ ತುಂಬಾ ಹೊತ್ತು ಹಾಡುತ್ತಿದ್ದವು. ಅಂದರೆ ಹೆಣ್ಣು ಬರಲಿ ಎಂದು ಕಾಯದೆ ಹಾಡನ್ನೇ ಅವಳ ಹತ್ತಿರ ಒಯ್ಯುತ್ತಿದ್ದವು. ಆದರೆ ಸುತ್ತ ಬೇರೆ ಗಂಡುಗಳು ಇದ್ದರೆ ಹಾಗೆ ಹಾಡುವ ಸಾಹಸ ಕಡಿಮೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಣ್ಣು ತೆರೆಸಿದ್ದು 2023ರಲ್ಲಿ ರೆಬೆಕಾ ಡನ್‌ಲಪ್ ಮತ್ತು ಸೆಲೀನ್ ಫ್ರೇರ್ ಪ್ರಕಟಿಸಿದ ಲೆಕ್ಕ. ಬೇಟೆಯಿಂದಾಗಿ 1960ರ ದಶಕದಲ್ಲಿ ಕೆಲವೇ ನೂರಕ್ಕೆ ಇಳಿದಿದ್ದ ಆ ಕರಾವಳಿಯ ತಿಮಿಂಗಿಲಗಳು 1997ರ ಹೊತ್ತಿಗೆ ಸುಮಾರು 3,700 ಆಗಿದ್ದವು, 2015ಕ್ಕೆ ಸುಮಾರು 27,000. ಇವರು ನೋಡಿದ್ದು, ಹೆಣ್ಣಿನ ಜೊತೆ ಕೂಡಲು ಯತ್ನಿಸುತ್ತಿದ್ದ ಗಂಡುಗಳಲ್ಲಿ ಹಾಡುವವು ಎಷ್ಟು, ಹಾಡದವು ಎಷ್ಟು ಎಂದು. 1997ರಲ್ಲಿ ಹಾಡುವ ಗಂಡು ಹಾಗೆ ಕಾಣಸಿಗುವ ಸಾಧ್ಯತೆ ಹಾಡದ ಗಂಡಿಗಿಂತ ಸುಮಾರು ಎರಡು ಪಟ್ಟು. 2015ರ ಹೊತ್ತಿಗೆ ಲೆಕ್ಕ ತಲೆಕೆಳಗು. ಹಾಡದ ಗಂಡಿನದೇ ಸುಮಾರು ಐದು ಪಟ್ಟು.

ಯಾಕೆ ಹೀಗೆ? ಜನ ಕಡಿಮೆ ಇದ್ದಾಗ ಹಾಡಿದರೆ ಕೇಳುವುದು ಒಂದೋ ಎರಡೋ ಜೋಡಿ ಕಿವಿ, ಅದರಲ್ಲಿ ಹೆಣ್ಣೂ ಇರಬಹುದು. ಗಂಡುಗಳು ಗಿಜಿಗುಟ್ಟುವಾಗ ಹೆಣ್ಣಿನ ಪಕ್ಕ ನಿಂತು ಹಾಡಿದರೆ ಇಲ್ಲಿದ್ದೇವೆ ಬನ್ನಿ ಎಂದು ಎದುರಾಳಿಗಳಿಗೇ ಡಂಗುರ ಹೊಡೆದಂತೆ. ಬಾಯಿ ಮುಚ್ಚಿಕೊಂಡು ಗುದ್ದಾಡುವುದೇ ವಾಸಿ. ಅಂದರೆ ಹಾಡು ಯಾರಿಗೆ ತಲುಪುತ್ತದೆ ಎಂಬುದನ್ನು ಹಾಡುಗಾರ ಒಬ್ಬನೇ ತೀರ್ಮಾನಿಸಲಾರ. ಹೆಣ್ಣಿಗೆಂದು ಹಾಡಿದ್ದನ್ನು ಗಂಡೂ ಕೇಳುತ್ತದೆ, ಗಂಡಿಗೆಂದು ಹಾಡಿದ್ದನ್ನು ಹೆಣ್ಣೂ ಕೇಳುತ್ತದೆ. ಹೆಣ್ಣೋ ಗಂಡೋ ಎಂದು ಐವತ್ತು ವರ್ಷ ನಡೆದ ಜಗಳದಲ್ಲಿ ಸುತ್ತ ಎಷ್ಟು ಜನ ಇದ್ದಾರೆ ಎಂಬ ಪ್ರಶ್ನೆಗೆ ಜಾಸ್ತಿ ಜಾಗ ಸಿಕ್ಕಿರಲಿಲ್ಲ. ಇದರಿಂದ ಇನ್ನೊಂದು ಎಚ್ಚರಿಕೆಯೂ ಹುಟ್ಟಿತು. ಹೈಡ್ರೋಫೋನ್ ಇಳಿಸಿ ಹಾಡು ಕಡಿಮೆ ಕೇಳಿತೆಂದು ತಿಮಿಂಗಿಲ ಕಡಿಮೆಯಾಗಿವೆ ಎನ್ನುವ ಹಾಗಿಲ್ಲ. ಮೈಕಿಗೆ ಸಿಗುವುದು ಹಾಡುವವನು ಮಾತ್ರ, ಸುಮ್ಮನಿರುವವನು ಸಿಗುವುದಿಲ್ಲ.

ಇದರ ಉಲ್ಟಾ ಕಥೆ ನಮ್ಮ ಅರಬ್ಬಿ ಸಮುದ್ರದ್ದು. ಇಲ್ಲಿನ ಹಂಪ್‌ಬ್ಯಾಕ್‌ಗಳು ಬೇರೆಯವುಗಳ ಹಾಗೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ. ಸಾವಿರಾರು ವರ್ಷಗಳಿಂದ ಇಲ್ಲೇ ಬೇರೆಯಾಗಿ ಉಳಿದಿವೆ, ಹಾಡೂ ದಕ್ಷಿಣ ಹಿಂದೂ ಮಹಾಸಾಗರದವರ ಹಾಡಲ್ಲ. 1965 ಮತ್ತು 1966ರಲ್ಲಿ ಸೋವಿಯತ್ ಬೇಟೆ ಹಡಗುಗಳು ಇಲ್ಲಿ 242 ತಿಮಿಂಗಿಲಗಳನ್ನು ಕೊಂದವು. ಈಗ ಒಮಾನ್ ಕಡೆ ನೂರಕ್ಕಿಂತ ಕಡಿಮೆ ಇವೆ ಎಂಬ ಅಂದಾಜು. ಇಷ್ಟು ಕಡಿಮೆ ಇದ್ದಾಗ, ಆಸ್ಟ್ರೇಲಿಯಾದ ಲೆಕ್ಕದ ಪ್ರಕಾರ, ಗಂಡಿಗೆ ಹಾಡೇ ಲಾಭದ ದಾರಿ. 2017ರಲ್ಲಿ ಗೋವಾ ತೀರದ ನೀರಲ್ಲಿ ಇಳಿಸಿದ ಹೈಡ್ರೋಫೋನಿಗೆ ಅಂಥ ಹಾಡು ಸಿಕ್ಕಿತು. ಅದೇ ವರ್ಷ ನವೆಂಬರಿನಲ್ಲಿ ಒಮಾನಿನಲ್ಲಿ ಲುಬಾನ್ ಎಂಬ ಹೆಸರಿನ ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹದ ಟ್ಯಾಗ್ ಹಾಕಿದ್ದರು. ಅವಳು ಸಮುದ್ರ ದಾಟಿ ಗೋವಾದ ಕಡೆಗೆ ಬಂದು, ಅಲ್ಲಿಂದ ನಮ್ಮ ಕರಾವಳಿಯ ಆಚೆಯೇ ತೆಂಕಕ್ಕೆ ಸಾಗಿ ಭಾರತದ ತುದಿಯವರೆಗೆ ಹೋಗಿ, ಮತ್ತೆ ಒಮಾನಿಗೆ ಮರಳಿದಳು. ಹೋದ ದಾರಿಯನ್ನು ಟ್ಯಾಗ್ ತೋರಿಸಿತು. ದಾರಿಯಲ್ಲಿ ಅವಳ ಕಿವಿಗೆ ಯಾರ ಹಾಡು ಬಿತ್ತು ಎಂಬುದನ್ನು ತೋರಿಸುವ ಸಾಧನ ಆ ಟ್ಯಾಗಿನಲ್ಲಿ ಇರಲಿಲ್ಲ.