ಊಟದ ನಂತರ ನಡೆದು ಫಾಸ್ಟಿಂಗ್ ನೋಡುವವರಿಗೆ

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ 46 ವರ್ಷದವರೊಬ್ಬರು ಕಳೆದ ಬೇಸಿಗೆಯಲ್ಲಿ ಲ್ಯಾಬ್ ರಿಪೋರ್ಟನ್ನು ನನ್ನ ಮೇಜಿನ ಮೇಲಿಟ್ಟು, "ಒಂದ್ ತಿಂಗಳಿಂದ ಊಟ ಆದ್ಮೇಲೆ ತಪ್ಪದೆ ನಡೀತಿದ್ದೀನಿ ಸಾರ್, ಫಾಸ್ಟಿಂಗ್ ಒಂದು ಪಾಯಿಂಟೂ ಇಳಿದಿಲ್ಲ. ಸುಮ್ನೆ ಚಪ್ಪಲಿ ಸವೆಸಿದ್ದೇ ಬಂತು" ಎಂದರು. ಹಿಂದಿನ ರಿಪೋರ್ಟಿನಲ್ಲಿ 112 ಇದ್ದದ್ದು ಹೊಸದರಲ್ಲಿ 113 ಆಗಿತ್ತು. ಗುರುತು ಸಿಗದಂತೆ ಅವರ ವಿವರಗಳನ್ನು ತುಸು ಬದಲಿಸಿದ್ದೇನೆ. ಆದರೆ ಈ ದೂರನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ, ಮತ್ತು ಪ್ರತಿಸಲವೂ ಒಳಗೊಳಗೇ ಸ್ವಲ್ಪ ರೇಗುತ್ತದೆ. ನಡೆಯುವುದು ಊಟದ ಸಕ್ಕರೆಗಾಗಿ, ಅಳೆಯುವುದು ಉಪವಾಸದ ಸಕ್ಕರೆಯನ್ನು.

ಫಾಸ್ಟಿಂಗ್ 100ರಿಂದ 125ರ ನಡುವೆ, ಅಥವಾ ಮೂರು ತಿಂಗಳ ಸರಾಸರಿಯನ್ನು ತೋರುವ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇರುವವರನ್ನು ನಾವು ಸಾಮಾನ್ಯವಾಗಿ ಪ್ರಿಡಯಾಬಿಟಿಸ್ ಎನ್ನುತ್ತೇವೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಬೆಳಗಿನ ಫಾಸ್ಟಿಂಗ್ ಸಕ್ಕರೆ ರಾತ್ರಿ ತಿಂದ ಮುದ್ದೆಯಿಂದ ನೇರವಾಗಿ ಬಂದದ್ದಲ್ಲ. ಆ ಮುದ್ದೆಯ ಸಕ್ಕರೆಯ ಬಹುಪಾಲು ನೀವು ಏಳುವ ಹೊತ್ತಿಗೆ ರಕ್ತದಿಂದ ಹೊರಟುಹೋಗಿರುತ್ತದೆ. ಬೆಳಿಗ್ಗೆ ಲ್ಯಾಬಿನಲ್ಲಿ ಕಾಣುವುದು, ನೀವು ಮಲಗಿದ್ದಾಗ ಮೆದುಳಿಗೆ ಬೇಕಲ್ಲ ಎಂದು ನಿಮ್ಮ ಯಕೃತ್ತು ತಾನೇ ತಯಾರಿಸಿ ಬಿಟ್ಟ ಸಕ್ಕರೆ. ಪ್ರಿಡಯಾಬಿಟಿಸ್ ಇರುವ ಅನೇಕರಲ್ಲಿ ಯಕೃತ್ತು ಇನ್ಸುಲಿನ್ನಿನ ಮಾತನ್ನು ಅಷ್ಟಾಗಿ ಕೇಳುವುದಿಲ್ಲ, ಸಾಕು ಎಂದರೂ ಸುರಿಯುತ್ತಲೇ ಇರುತ್ತದೆ. ಅದನ್ನು ತಹಬಂದಿಗೆ ತರುವುದು ತಿಂಗಳುಗಟ್ಟಲೆಯ ಕೆಲಸ. ಹೊಟ್ಟೆಯ ಸುತ್ತಳತೆ ಇಳಿಯಬೇಕು, ನಿದ್ದೆ ಸರಿಯಾಗಬೇಕು. ಹದಿನೈದು ನಿಮಿಷದ ನಡಿಗೆ ಆ ಕೆಲಸವನ್ನು ಒಂದು ತಿಂಗಳಲ್ಲಿ ಮಾಡಿ ತೋರಿಸಬೇಕೆಂದು ಕೇಳುವುದು ನ್ಯಾಯವಲ್ಲ.

ಹಾಗಾದರೆ ನಡಿಗೆ ಮಾಡುವುದೇನು? ಊಟ ಮಾಡಿದ ಮೇಲೆ ರಕ್ತದ ಸಕ್ಕರೆ ದಿಬ್ಬದಂತೆ ಏರಿ ಇಳಿಯುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಅದರ ನೆತ್ತಿ. ಕಾಲಿನ ಸ್ನಾಯುಗಳು ದುಡಿಯುವಾಗ, ಇನ್ಸುಲಿನ್ ಬಂದು ಬಾಗಿಲು ತಟ್ಟುವುದಕ್ಕೆ ಕಾಯದೆ, ತಾವೇ ಬಾಗಿಲು ತೆರೆದು ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಇನ್ಸುಲಿನ್ನಿನ ಮಾತು ನಡೆಯದ ದೇಹಕ್ಕೆ ಇದೊಂದು ಹಿತ್ತಿಲ ದಾರಿ. ಸಕ್ಕರೆ ಏರುತ್ತಿರುವಾಗಲೇ ಆ ದಾರಿ ತೆರೆದಿದ್ದರೆ ದಿಬ್ಬ ತಗ್ಗುತ್ತದೆ. ಎರಡು ಗಂಟೆ ಕಳೆದು, ಒಂದು ನಿದ್ದೆಯೂ ಮುಗಿದು, ಸಂಜೆ ಎದ್ದು ನಡೆದರೆ ಬೇರೆ ಲಾಭಗಳಿವೆ, ಆದರೆ ಆ ಊಟದ ದಿಬ್ಬಕ್ಕೆ ಅದು ತಡವಾಯಿತು.

ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಧುಮೇಹದ ಅಂಚಿನಲ್ಲಿದ್ದ, 60 ದಾಟಿದವರು ಪ್ರತಿ ಊಟದ ನಂತರ 15 ನಿಮಿಷ ನಡೆದಾಗ ಏನಾಗುತ್ತದೆ, ಒಂದೇ ಸಲ 45 ನಿಮಿಷ ನಡೆದಾಗ ಏನಾಗುತ್ತದೆ ಎಂದು ಹೋಲಿಸಿ ನೋಡಿದ್ದರು. ಇಡೀ ದಿನದ ಲೆಕ್ಕದಲ್ಲಿ, ಊಟಕ್ಕೊಂದರಂತೆ ನಡೆದದ್ದು ಬೆಳಗಿನ 45 ನಿಮಿಷಕ್ಕೆ ಕಡಿಮೆಯೇನೂ ಆಗಲಿಲ್ಲ. ರಾತ್ರಿ ಊಟದ ನಂತರದ ಮೂರು ಗಂಟೆಗಳಲ್ಲಂತೂ ಅದೇ ಮೇಲಾಯಿತು. ಭಾಗವಹಿಸಿದ್ದವರು ಹತ್ತೇ ಮಂದಿ ಎಂಬುದನ್ನು ನಾನು ಮರೆಮಾಚುವುದಿಲ್ಲ. ಆದರೂ ಸ್ನಾಯುಗಳು ಕೆಲಸ ಮಾಡುವ ಬಗೆ ಗೊತ್ತಿರುವವರಿಗೆ ಈ ಫಲಿತಾಂಶ ಆಶ್ಚರ್ಯವೆನಿಸುವುದಿಲ್ಲ.

ಲೆಕ್ಕದವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಲೆಕ್ಕವೇ ಬೇಕು. ಆದ್ದರಿಂದ ಅವರ ಮನೆಯಲ್ಲಿ ತಾಯಿಗೆಂದು ಕೊಂಡಿದ್ದ ಗ್ಲುಕೋಮೀಟರಿನಲ್ಲೇ ಆರು ದಿನ ನೋಡಿಕೊಳ್ಳಿ ಎಂದೆ. ಆರೂ ದಿನ ಮಧ್ಯಾಹ್ನ ಒಂದೇ ಊಟ: ಎರಡು ಮುದ್ದೆ, ಬಸ್ಸಾರು, ಒಂದು ಸೌಟು ಅನ್ನ. ಒಂದು ದಿನ ಉಂಡು ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವುದು, ಮರುದಿನ ಕೈ ತೊಳೆದ ಹದಿನೈದು ನಿಮಿಷದೊಳಗೆ ಹೊರಟು ಮಂಡಿಯ ಅಂಗಳದಲ್ಲಿ ಕಾಲು ಗಂಟೆ ನಡೆಯುವುದು, ಹೀಗೆ ದಿನ ಬಿಟ್ಟು ದಿನ. ಪರೀಕ್ಷೆ ಮೊದಲ ತುತ್ತಿನಿಂದ ಲೆಕ್ಕ ಹಾಕಿ ಸರಿಯಾಗಿ ಒಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಒಮ್ಮೆ.

ಎರಡನೆಯ ದಿನವೇ ಫೋನು ಬಂತು. ನಡೆದ ಮೇಲೂ ಒಂದು ಗಂಟೆಯ ರೀಡಿಂಗ್ 241! ಏನು ತಿಂದಿರಿ ಎಂದು ಕೇಳಿದೆ. ಊಟ ಅದೇ, ಆದರೆ ಯಾರೋ ಶ್ರೀನಿವಾಸಪುರದಿಂದ ಮಾವಿನಹಣ್ಣಿನ ಬುಟ್ಟಿ ತಂದಿದ್ದರು, ತಾವು ತಿನ್ನಲಿಲ್ಲ, ಬೇರೆಯವರಿಗೆ ಹೆಚ್ಚಿ ಕೊಟ್ಟರಂತೆ. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸಿ, ಬೇರೆ ಬೆರಳಿನಲ್ಲಿ ನೋಡಿ ಎಂದೆ. 156 ಬಂತು. ಬೆರಳ ತುದಿಯಲ್ಲಿ ಉಳಿದ ಹಣ್ಣಿನ ರಸ ರಕ್ತದ ಹನಿಯೊಂದಿಗೆ ಸೇರಿದರೆ ಮೀಟರು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಬೆಲ್ಲ ಮುಟ್ಟಿದ ಕೈಯಾದರೂ ಅಷ್ಟೇ.

ಕೊನೆಗೆ ಮಂಡಿಯ ಚೀಟಿಯ ಹಿಂದೆ ಅವರು ಬರೆದು ತಂದದ್ದು ಹೀಗಿತ್ತು. ಕುಳಿತ ಮೂರು ದಿನ ಒಂದು ಗಂಟೆಗೆ 184, 178, 190. ನಡೆದ ಮೂರು ದಿನ 156, 166, 152. ಸರಾಸರಿಯಲ್ಲಿ 26ರ ವ್ಯತ್ಯಾಸ. ಎರಡು ಗಂಟೆಗೆ ನೋಡಿದರೆ ಎರಡೂ ಕಡೆ ಹೆಚ್ಚುಕಡಿಮೆ 145ರ ಆಸುಪಾಸು, ಅಂದರೆ ಎರಡು ಗಂಟೆಯದನ್ನಷ್ಟೇ ನೋಡಿದ್ದರೆ ಇವರು ಮತ್ತೆ ಚಪ್ಪಲಿಯ ಮಾತನ್ನೇ ಎತ್ತುತ್ತಿದ್ದರು. ಮನೆಯ ಮೀಟರು ನೂರಕ್ಕೆ ಹದಿನೈದರಷ್ಟು ಆಚೀಚೆ ತೋರಿಸಬಹುದು. ಆದ್ದರಿಂದ ಒಂದು ದಿನದ ಒಂದು ಅಂಕಿಯನ್ನು ಹಿಡಿದುಕೊಂಡು ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಮೂರು ಮೂರು ದಿನ ನೋಡಿ ಎಂದದ್ದು ಅದಕ್ಕೇ. ಇದೂ ಗಟ್ಟಿ ಪುರಾವೆಯೇನಲ್ಲ, ಆದರೆ ಮನುಷ್ಯನಿಗೆ ತನ್ನದೇ ಬೆರಳಿನ ರಕ್ತದ ಮೇಲೆ ಇರುವ ನಂಬಿಕೆ ನನ್ನ ಮಾತಿನ ಮೇಲಿಲ್ಲ.

ನಡಿಗೆ ಎಷ್ಟಿರಬೇಕೆಂದರೆ, ಪಕ್ಕದವರೊಡನೆ ಮಾತಾಡಿಕೊಂಡು ಹೋಗುವಷ್ಟು ವೇಗದಲ್ಲಿ ಹತ್ತರಿಂದ ಹದಿನೈದು ನಿಮಿಷ. ಉಂಡು ನೂರು ಹೆಜ್ಜೆ ಎಂದು ಹಿರಿಯರು ಹೇಳುವುದನ್ನು ಕೆಲವರು ಎಣಿಸಿ ಪಾಲಿಸುತ್ತಾರೆ. ನೂರು ಹೆಜ್ಜೆಗೆ ಒಂದು ನಿಮಿಷ ಸಾಕು, ಅದು ಇಲ್ಲಿ ಸಾಲದು. ದಿನಕ್ಕೆ ಒಂದೇ ಸಲ ಸಾಧ್ಯ ಎನ್ನುವವರಿಗೆ ದಿನದ ಅತಿ ದೊಡ್ಡ ಊಟವನ್ನು ಆರಿಸಿಕೊಳ್ಳಿ ಎನ್ನುತ್ತೇನೆ, ನಮ್ಮ ಕಡೆ ಅದು ಬಹುಪಾಲು ರಾತ್ರಿಯದು. ಬೀದಿನಾಯಿಯ ಭಯವಿದ್ದರೆ ತಾರಸಿಯಾದರೂ ಆದೀತು. ಬೆಳಗಿನ ವಾಕಿಂಗ್ ಬಿಡಬೇಕಾಗಿಲ್ಲ. ಊಟದ ನಂತರ ನಡೆಯುವಾಗ ಎದೆ ಬಿಗಿದಂತಾದರೆ, ದವಡೆ ಅಥವಾ ತೋಳಿಗೆ ನೋವು ಇಳಿದರೆ, ಗ್ಯಾಸ್ ಎಂದು ಸೋಡಾ ಕುಡಿದು ಮುಂದುವರಿಯದೆ ನಡಿಗೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಈ ಒಂದು ವಿಷಯದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಮೂರು ತಿಂಗಳ ನಂತರ ಅವರ ಎಚ್‌ಬಿಎ1ಸಿ 6.1ರಿಂದ 5.9ಕ್ಕೆ ಬಂದಿತ್ತು. ಅದು ನಡಿಗೆಯ ಫಲವೇ ಎಂದು ಹೇಳಲಾರೆ, ಏಕೆಂದರೆ ಅಷ್ಟರಲ್ಲಿ ಅವರು ಮಂಡಿಯ ಸಕ್ಕರೆ ಚಹಾವನ್ನು ಐದರಿಂದ ಎರಡಕ್ಕೆ ಇಳಿಸಿದ್ದರು, ತೂಕವೂ ಎರಡು ಕಿಲೋ ಇಳಿದಿತ್ತು, ಮೇಲಾಗಿ ಅಷ್ಟು ಸಣ್ಣ ವ್ಯತ್ಯಾಸ ಲ್ಯಾಬಿನ ಏರುಪೇರಿನಿಂದಲೂ ಬರಬಹುದು. ಇದನ್ನೆಲ್ಲ ವಿವರಿಸಿದೆ. ಅವರು ಶಾಂತವಾಗಿ ಕೇಳಿ, ರಿಪೋರ್ಟು ಮಡಚಿ ಜೇಬಿಗಿಟ್ಟುಕೊಳ್ಳುತ್ತಾ, "ಅದೆಲ್ಲ ಸರಿ ಸಾರ್, ಫಾಸ್ಟಿಂಗ್ ಮಾತ್ರ 109 ಐತಲ್ಲ?" ಎಂದರು.